ಸೈಕಲ್ ಯಾರಿಗೆ? ಹತ್ತು ಬಿಲ್ಲೆ, ಒಂದು ಚೀಲ

ನನ್ನ ತಂಗಿಯ ಶಾಲೆಯಲ್ಲಿ ಲೈಬ್ರರಿಗೆ ದುಡ್ಡು ಸೇರಿಸೋಕೆ ಲಕ್ಕಿ ಡ್ರಾ ಇಟ್ಟಿದ್ದರು. ಬಹುಮಾನ ಒಂದು ಸೈಕಲ್. ಹೋದ ವರ್ಷ ಅದು ಟೀಚರ್ ಒಬ್ಬರ ಮಗನಿಗೇ ಬಂದಿತ್ತು. ಮೋಸ ಆಗಿರಲಿಕ್ಕಿಲ್ಲ, ಆದರೆ ಆಗಿಲ್ಲ ಅಂತ ತೋರಿಸೋಕೆ ಯಾರ ಹತ್ರಾನೂ ಏನೂ ಇರಲಿಲ್ಲ. "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಈ ಸಲ ನೀನೇ ಮಾಡಪ್ಪ" ಅಂದರು.

ಫೋನಿನಲ್ಲಿ ನಂಬರ್ ತೆಗೆಯಬಹುದಿತ್ತು. ಆದರೆ ಎಷ್ಟು ಸಲ ಒತ್ತಿದೆ ಅನ್ನೋದು ನನಗೆ ಮಾತ್ರ ಗೊತ್ತಿರುತ್ತೆ. ಡಬ್ಬದಲ್ಲಿ ಚೀಟಿ ಹಾಕಿದರೆ ಕೊನೆಗೆ ಹಾಕಿದ್ದು ಮೇಲೇ ಉಳಿಯುತ್ತೆ. 1969ರ ಡಿಸೆಂಬರ್‌ನಲ್ಲಿ ಅಮೆರಿಕದವರು ಸೈನ್ಯಕ್ಕೆ ಯುವಕರನ್ನು ಆರಿಸಲು ಹುಟ್ಟಿದ ದಿನಾಂಕಗಳ ಲಾಟರಿ ಎತ್ತಿದಾಗ ಹೀಗೇ ಆಯಿತು. ಸರಿಯಾಗಿ ಕಲಸದೆ, ವರ್ಷದ ಕೊನೆಯ ತಿಂಗಳುಗಳ ದಿನಾಂಕಗಳು ಹೆಚ್ಚಾಗಿ ಮೊದಲೇ ಬಂದುಬಿಟ್ಟವು.

ಅದಕ್ಕೆ ನಾವು 0ಯಿಂದ 9ರವರೆಗೆ ಬರೆದ ಹತ್ತು ಒಂದೇ ಥರದ ಕೇರಂ ಬಿಲ್ಲೆ ತಗೊಂಡೆವು. ಹತ್ತೇ ಇರೋದರಿಂದ ಕಲಸೋದು ಸುಲಭ. ಒಂದೇ ಕೌಂಟರಿನಲ್ಲಿ ಕ್ರಮವಾಗಿ ಮಾರಿದ್ದ ಟಿಕೆಟ್ 1ರಿಂದ 437. ಮಾರಾಟ ನಿಲ್ಲಿಸಿ, ಆ ಕೊನೆಯ ನಂಬರನ್ನು ಮೊದಲೇ ಬೋರ್ಡಿನ ಮೇಲೆ ಬರೆದೆವು. ಖಾಲಿ ಚೀಲ ತಿರುಗಿಸಿ ತೋರಿಸಿ, ಬಿಲ್ಲೆಗಳನ್ನು ಎಣಿಸಿ ಹಾಕಿದೆವು. ಪ್ರತಿ ಸಲ ಒಂದು ಮಗು ನೋಡದೆ ಒಂದು ಎತ್ತುತ್ತೆ, ಪೋಷಕರೊಬ್ಬರು ಓದುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ, ಬಿಲ್ಲೆ ವಾಪಸ್ ಚೀಲಕ್ಕೆ. ಮೂರು ಸಲ ಎತ್ತಿದರೆ ನೂರು, ಹತ್ತು, ಬಿಡಿ ಸ್ಥಾನ. 437 ದಾಟಿದರೆ ಅಥವಾ 000 ಬಂದರೆ ಮೂರೂ ಅಂಕಿ ರದ್ದು.

ಮೊದಲ ಸಲ 4 ಬಂತು, ಆಮೇಲೆ 6. "ಆರನ್ನು ಮಾತ್ರ ಬದಲಾಯಿಸಿ" ಅಂತ ಹಿಂದಿನಿಂದ ಕೂಗು! ಇಲ್ಲೇ ಎಡವೋದು. ಹಾಗೆ ಮಾಡಿದರೆ ನೂರರ ಸ್ಥಾನದಲ್ಲಿ 0ಯಿಂದ 4ರವರೆಗಿನ ಪ್ರತಿ ಅಂಕಿಗೂ ಐದರಲ್ಲಿ ಒಂದು ಅವಕಾಶ. ಆದರೆ 100ರಿಂದ 199ರಲ್ಲಿ ನೂರು ಟಿಕೆಟ್ ಆ ಪಾಲನ್ನು ಹಂಚಿಕೊಳ್ಳಬೇಕು, ಅಂದರೆ ತಲಾ 1/500. 400ರಿಂದ 437ರಲ್ಲಿ ಇರೋದು ಬರೀ 38 ಟಿಕೆಟ್, ಸರಾಸರಿ ತಲಾ 1/190. ಕೊನೆಗೆ ಟಿಕೆಟ್ ಕೊಂಡವರಿಗೆ ಎರಡೂವರೆ ಪಟ್ಟಿಗಿಂತ ಹೆಚ್ಚು ಲಾಭ! ಮೂರನ್ನೂ ರದ್ದು ಮಾಡಿದರೆ ಮಾತ್ರ ಎಲ್ಲರಿಗೂ ಸರಿಯಾಗಿ 1/437. ಸಾವಿರ ಸಾಧ್ಯತೆಗಳಲ್ಲಿ 437 ನಡೆಯೋದರಿಂದ, ಸರಾಸರಿ ಎರಡು-ಮೂರು ಸಲದಲ್ಲಿ ಮುಗಿಯುತ್ತೆ.

ನಮಗೂ ಮೂರು ಸಲ ಬೇಕಾಯಿತು. ರದ್ದಾದ ನಂಬರುಗಳನ್ನೂ ಅಳಿಸದೆ ಬೋರ್ಡಿನ ಮೇಲೇ ಬಿಟ್ಟೆವು. ಕೊನೆಗೆ 182 ಬಂತು. ಟಿಕೆಟ್ಟನ್ನು ಕೌಂಟರ್‌ಫಾಯಿಲ್ ಜೊತೆ ಎಲ್ಲರೆದುರು ಹೋಲಿಸಿದೆವು. ಗೆದ್ದಿದ್ದು ಕೂಗು ಹಾಕಿದವರ ಪಕ್ಕದ ಮನೆ ಹುಡುಗಿ. ಅವರು ಬೋರ್ಡನ್ನು ಇನ್ನೊಂದು ಸಲ ಓದಿ, ಏನೂ ಹೇಳದೆ ಚಪ್ಪಾಳೆ ತಟ್ಟಿದರು.