ಪ್ರೊಬೇಷನ್ ಮುಗಿದ ಮೇಲೆ ಸಂಬಳದ ಪತ್ರ

ಪ್ರೊಬೇಷನ್ ಮುಗಿದ ಬಳಿಕ ಸಂಬಳ ಪರಿಶೀಲನೆ ಕೋರುವ ಪತ್ರಕ್ಕೆ ಆಧಾರ ಆಫರ್ ಲೆಟರಿನ ಮಾತು. ಅಲ್ಲಿ ಸಾಮಾನ್ಯವಾಗಿ ‘ಪರಿಶೀಲಿಸಲಾಗುವುದು’ ಎಂದಿರುತ್ತದೆಯೇ ಹೊರತು ‘ಹೆಚ್ಚಿಸಲಾಗುವುದು’ ಎಂದಲ್ಲ. ಆದ್ದರಿಂದ ಪತ್ರದಲ್ಲಿ ಹಕ್ಕಿನಿಂದ ಕೇಳಬೇಕಾದದ್ದು ಪರಿಶೀಲನೆಯನ್ನು. ಹೆಚ್ಚಳಕ್ಕೆ ಮಾಡಿದ ಕೆಲಸವೇ ಸಮರ್ಥನೆ.

ಬರೆಯುವ ಮೊದಲು ಎರಡು ವಿಷಯ ನೋಡಬೇಕು. ಲಿಖಿತವಾಗಿ ಕಾಯಂ ಮಾಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ ಎಂಬ ಷರತ್ತು ಅನೇಕ ಕಡೆ ಇರುತ್ತದೆ. ಹಾಗಿದ್ದರೆ ಮೊದಲು ಕಾಯಮಾತಿ ಪತ್ರ ಕೇಳಬೇಕು. ನಂತರ ಬಂದ ನೇಮಕಾತಿ ಪತ್ರ ಹಿಂದಿನ ಒಪ್ಪಂದಗಳನ್ನೆಲ್ಲ ರದ್ದುಗೊಳಿಸುತ್ತದೆಯೇ ಎಂಬುದೂ ಮುಖ್ಯ. ಈ ಸಾಲನ್ನು ಬಹಳ ಮಂದಿ ಓದುವುದೇ ಇಲ್ಲ.

ಜುಲೈ 1ರಂದು ಸೇರಿ, 6 ತಿಂಗಳ ಪ್ರೊಬೇಷನ್ ಮುಗಿಸಿ ಕಾಯಂ ಆದ ಅಕೌಂಟೆಂಟ್ ಹೀಗೆ ಬರೆಯಬಹುದು:

“ಮಾನ್ಯರೇ, ನನ್ನ ಪ್ರೊಬೇಷನ್ ಡಿಸೆಂಬರ್ 31ಕ್ಕೆ ಮುಗಿದಿದೆ. ಆಫರ್ ಲೆಟರಿನ 5ನೇ ಷರತ್ತಿನಂತೆ ಈ ಹಂತದಲ್ಲಿ ಸಂಬಳ ಪರಿಶೀಲನೆ ಆಗಬೇಕಿದೆ, ಪ್ರತಿ ಲಗತ್ತಿಸಿದ್ದೇನೆ. ಅಕ್ಟೋಬರಿನಿಂದ ಜಿಎಸ್‌ಟಿ ರಿಟರ್ನ್‌ಗಳನ್ನು ನಾನೇ ಸಿದ್ಧಪಡಿಸುತ್ತಿದ್ದೇನೆ. ಜನವರಿ 20ರೊಳಗೆ ಮಾತುಕತೆಗೆ ಸಮಯ ಕೊಡಬೇಕೆಂದು ವಿನಂತಿ.”

ಮನೆಬಾಡಿಗೆ, ಸಾಲದ ಕಷ್ಟ ಇಲ್ಲಿ ಬೇಡ. ಇದನ್ನು ಇಮೇಲಿನಲ್ಲಿ ಮ್ಯಾನೇಜರಿಗೆ, ಪ್ರತಿಯನ್ನು ಎಚ್‌ಆರ್‌ಗೆ ಕಳುಹಿಸುವುದು ಒಳ್ಳೆಯದು. ಬಾಯಿಮಾತಿನಲ್ಲಿ ಒಪ್ಪಿಗೆ ಸಿಕ್ಕರೆ, ಹೊಸ ಸಂಬಳ ಯಾವ ತಿಂಗಳಿನಿಂದ ಜಾರಿ ಎಂಬುದನ್ನು ಅದೇ ದಿನ ಇಮೇಲಿನಲ್ಲಿ ಖಚಿತಪಡಿಸಿಕೊಳ್ಳಬೇಕು.