ರೆಸ್ಯೂಮೆ ಕಳಿಸಿದ ಮೇಲೂ ಫಾರಂ ತುಂಬಬೇಕೇ?

ರೆಸ್ಯೂಮೆ ಕಳಿಸಿದ ದಿನವೇ ಬೆಂಗಳೂರಿನ ಕನ್ಸಲ್ಟೆನ್ಸಿಯಿಂದ ಉತ್ತರ ಬರುತ್ತದೆ: "ಪ್ರೊಫೈಲ್ ಚೆನ್ನಾಗಿದೆ, ಈ ಗೂಗಲ್ ಫಾರ್ಮ್ ತುಂಬಿ ಕಳಿಸಿ." ತೆರೆದು ನೋಡಿದರೆ ಮೂವತ್ತು–ನಲವತ್ತು ಪ್ರಶ್ನೆಗಳು, ಅರ್ಧಕ್ಕರ್ಧ ರೆಸ್ಯೂಮೆಯಲ್ಲೇ ಇರುವಂಥವು. ಕೆಲವರು ಸಿಟ್ಟಾಗಿ ಉತ್ತರವನ್ನೇ ಕೊಡುವುದಿಲ್ಲ. ಕೆಲವರು ಅವಕಾಶ ತಪ್ಪೀತೆಂದು ಆಧಾರ್ ಸಂಖ್ಯೆಯವರೆಗೆ ಎಲ್ಲವನ್ನೂ ತುಂಬಿಬಿಡುತ್ತಾರೆ. ಎರಡೂ ಬೇಡ.

ತಪ್ಪು ಕಲ್ಪನೆ: ಎಲ್ಲವೂ ರೆಸ್ಯೂಮೆಯಲ್ಲಿದೆ, ಫಾರಂ ಬರೀ ಕಾಟ.

ಸತ್ಯ: ರೆಕ್ರೂಟರ್‌ಗೆ ಮೊದಲು ಬೇಕಾದ ಮಾಹಿತಿ ಸಾಮಾನ್ಯವಾಗಿ ರೆಸ್ಯೂಮೆಯಲ್ಲಿ ಇರುವುದೇ ಇಲ್ಲ. ಈಗಿನ ಸಿಟಿಸಿ, ನಿರೀಕ್ಷಿಸುವ ಸಿಟಿಸಿ, ನೋಟಿಸ್ ಪೀರಿಯಡ್, ಆ ಕೆಲಸಕ್ಕೆ ಹೊಂದುವ ಅನುಭವ ಎಷ್ಟು ವರ್ಷದ್ದು, ಯಾವ ಊರಿಗೆ ಬರಲು ಸಿದ್ಧ ಎಂಬ ಐದಾರು ಸಂಗತಿಗಳನ್ನು ಅವರು ಎಕ್ಸೆಲ್ ಹಾಳೆಯ ಒಂದು ಸಾಲಿನಲ್ಲಿ ಕೂರಿಸಿ ಕಂಪನಿಗೆ ಕಳಿಸುತ್ತಾರೆ. ಇಷ್ಟನ್ನು ನೀವೇ ಮೇಲ್‌ನಲ್ಲಿ ಬರೆದುಕೊಟ್ಟರೆ ಮೊದಲ ಹಂತದ ಕೆಲಸ ನಡೆಯುತ್ತದೆ. ಉಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಮುಂದಿನ ಹಂತದವು.

ತಪ್ಪು ಕಲ್ಪನೆ: ಫಾರಂ ತುಂಬುವುದೆಂದರೆ ಮಾಹಿತಿ ಕೊಡುವುದು, ಅಷ್ಟೇ.

ಸತ್ಯ: ಬಹಳ ಜನ ಎಡವುವುದು ಇಲ್ಲೇ. ಕನ್ಸಲ್ಟೆನ್ಸಿಯ ಫಾರಂ ತುಂಬಿದರೆ, "ನನ್ನ ಹೆಸರನ್ನು ನೀವು ಕಂಪನಿಗೆ ಕಳಿಸಬಹುದು" ಎಂದು ಒಪ್ಪಿದಂತೆ ಅವರು ತಿಳಿಯುತ್ತಾರೆ. ಕೆಲಸ ಸಿಕ್ಕರೆ ಕಂಪನಿಯಿಂದ ಅವರಿಗೆ ಶುಲ್ಕ ಬರುತ್ತದೆ. ಒಬ್ಬ ಅಭ್ಯರ್ಥಿಯ ಹೆಸರನ್ನು ಮೊದಲು ಕಳಿಸಿದ ಕನ್ಸಲ್ಟೆನ್ಸಿಗೇ ಇಂತಿಷ್ಟು ತಿಂಗಳವರೆಗೆ ಹಕ್ಕು ಎಂಬ ನಿಯಮ ಅನೇಕ ಕಂಪನಿಗಳಲ್ಲಿದೆ. ಒಂದೇ ಹುದ್ದೆಗೆ ಇಬ್ಬರಿಂದ ನಿಮ್ಮ ಹೆಸರು ಹೋದರೆ ಶುಲ್ಕ ಯಾರಿಗೆ ಎಂಬ ತಕರಾರು ಹುಟ್ಟುತ್ತದೆ. ಆ ರಗಳೆಯೇ ಬೇಡವೆಂದು ಕಂಪನಿ ನಿಮ್ಮನ್ನು ಪಕ್ಕಕ್ಕಿಡಬಹುದು.

ಉದಾಹರಣೆಗೆ, ಜಾವಾದಲ್ಲಿ ಐದು ವರ್ಷ ಕೆಲಸ ಮಾಡಿದ, ವೈಟ್‌ಫೀಲ್ಡ್‌ನಲ್ಲಿರುವ ಒಬ್ಬ ಹೆಣ್ಣುಮಗಳಿಗೆ ಇಂಥ ಫಾರಂ ಬಂದಿದೆ ಎಂದುಕೊಳ್ಳಿ. ಕಂಪನಿ ಯಾವುದೆಂದು ಮೇಲ್‌ನಲ್ಲಿಲ್ಲ, "ಹೆಸರಾಂತ ಎಂಎನ್‌ಸಿ" ಎಂದಷ್ಟೇ ಇದೆ. ಆಕೆಯ ಉತ್ತರ ಹೀಗಿದ್ದರೆ ಸಾಕು:

"ನಮಸ್ಕಾರ. ಈ ಹುದ್ದೆಯಲ್ಲಿ ನನಗೆ ಆಸಕ್ತಿಯಿದೆ. ಒಟ್ಟು ಅನುಭವ 6 ವರ್ಷ, ಜಾವಾದಲ್ಲಿ 5. ನೋಟಿಸ್ ಪೀರಿಯಡ್ 60 ದಿನ. ನಿರೀಕ್ಷೆ 22 ಲಕ್ಷ. ಕೆಲಸ ಬೆಂಗಳೂರಿನಲ್ಲೇ ಬೇಕು. ಕಂಪನಿಯ ಹೆಸರು, ಹುದ್ದೆಯ ವಿವರ ಮತ್ತು ಸಂಬಳದ ಮಿತಿ ತಿಳಿಸಿದರೆ ಉಳಿದದ್ದನ್ನು ತುಂಬಿಕೊಡುತ್ತೇನೆ. ಅಲ್ಲಿಯವರೆಗೆ ನನ್ನ ಪ್ರೊಫೈಲ್ ಎಲ್ಲಿಗೂ ಕಳಿಸಬೇಡಿ."

ಇದರಲ್ಲಿ ಕೊನೆಯ ವಾಕ್ಯವೇ ಮುಖ್ಯ. ಕಂಪನಿಯ ಹೆಸರು ಬಂತು, ನೋಡಿದರೆ ಹೋದ ತಿಂಗಳೇ ಬೇರೊಬ್ಬರು ಅಲ್ಲಿಗೆ ಆಕೆಯ ಹೆಸರು ಕಳಿಸಿದ್ದಾರೆ. ಆಗ ಅದನ್ನು ನೇರವಾಗಿ ಹೇಳಿ ಹಿಂದೆ ಸರಿಯಬಹುದು. ಮೊದಲೇ ಫಾರಂ ತುಂಬಿದ್ದರೆ ಇದು ಆಕೆಗೆ ಗೊತ್ತೇ ಆಗುತ್ತಿರಲಿಲ್ಲ.

ತಪ್ಪು ಕಲ್ಪನೆ: ನಕ್ಷತ್ರ ಹಾಕಿದ ಪ್ರಶ್ನೆಗಳಿಗೆಲ್ಲ ಉತ್ತರಿಸಲೇಬೇಕು.

ಸತ್ಯ: ಗೂಗಲ್ ಫಾರ್ಮ್‌ನಲ್ಲಿ ಯಾವ ಪ್ರಶ್ನೆ ಕಡ್ಡಾಯ ಎಂಬುದನ್ನು ಅದನ್ನು ಮಾಡಿದವರೇ ಒಂದು ಗುಂಡಿ ಒತ್ತಿ ತೀರ್ಮಾನಿಸುತ್ತಾರೆ. ಅದು ಕಂಪನಿಯ ನಿಯಮವಾಗಿರಬೇಕೆಂದಿಲ್ಲ, ಕಾನೂನಂತೂ ಅಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಿಎಫ್‌ನ ಯುಎಎನ್, ಸಂಬಳದ ಚೀಟಿ ಇವು ಆಯ್ಕೆಯಾದ ಮೇಲೆ, ಹಿನ್ನೆಲೆ ಪರಿಶೀಲನೆ ಮತ್ತು ಕೆಲಸಕ್ಕೆ ಸೇರುವ ಹೊತ್ತಿಗೆ ಬೇಕಾಗುವಂಥವು. ಪ್ಯಾನ್ ಮಾತ್ರ ಸ್ವಲ್ಪ ಬೇರೆ. ಒಬ್ಬರೇ ಎರಡು ಕಡೆಯಿಂದ ಬಂದಿದ್ದಾರೆಯೇ ಎಂದು ನೋಡಲು ಕೆಲವು ಕಂಪನಿಗಳು ಅದನ್ನು ಮೊದಲೇ ಕೇಳುತ್ತವೆ. ಹಾಗಾಗಿ ಕೇಳಿದವರೆಲ್ಲ ಮೋಸಗಾರರಲ್ಲ, ಆದರೆ ಕಂಪನಿಯ ಹೆಸರು ಖಚಿತವಾದ ಮೇಲೆಯೇ ಕೊಡಿ. "ನೋಂದಣಿ ಶುಲ್ಕ" ಎಂದು ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಲಿ.

ತಪ್ಪು ಕಲ್ಪನೆ: ಕಂಪನಿಯ ಸ್ವಂತ ಪೋರ್ಟಲ್‌ನಲ್ಲೂ "ರೆಸ್ಯೂಮೆ ನೋಡಿ" ಎಂದು ಬರೆದರೆ ಸಾಕು.

ಸತ್ಯ: ಇಲ್ಲಿ ಲೆಕ್ಕ ಬೇರೆ. ಕಂಪನಿಯ ಪೋರ್ಟಲ್‌ನಲ್ಲಿ ತುಂಬಿದ್ದೇ ನಿಮ್ಮ ಅಧಿಕೃತ ಅರ್ಜಿ. ರೆಸ್ಯೂಮೆ ಅಪ್‌ಲೋಡ್ ಮಾಡಿದಾಗ ತಂತ್ರಾಂಶ ಅದನ್ನು ಓದಿ ಖಾನೆಗಳನ್ನು ತಾನೇ ತುಂಬುತ್ತದೆ. ಎರಡು ಕಾಲಂ ಅಥವಾ ಕೋಷ್ಟಕ ಇದ್ದರೆ ತಾರೀಕು, ಕಂಪನಿ, ಹುದ್ದೆ ಅದಲುಬದಲಾಗುವುದುಂಟು. ರೆಕ್ರೂಟರ್‌ಗಳು ಅಭ್ಯರ್ಥಿಗಳನ್ನು ಸೋಸುವಾಗ ಈ ಖಾನೆಗಳನ್ನೂ ನೋಡುತ್ತಾರೆ. "ನೋಟಿಸ್ ಪೀರಿಯಡ್ 30 ದಿನದೊಳಗಿದೆಯೇ" ಎಂಬಂಥ ಹೌದು–ಇಲ್ಲ ಪ್ರಶ್ನೆಗೆ ಅವಸರದಲ್ಲಿ ತಪ್ಪು ಒತ್ತಿದರೆ, ಯಾರೂ ರೆಸ್ಯೂಮೆ ತೆರೆಯುವ ಮೊದಲೇ ಅರ್ಜಿ ಬಿದ್ದುಹೋಗಬಹುದು. ಹಾಗಾಗಿ ಈ ಫಾರಂ ಅನ್ನು ಪೂರ್ತಿ ತುಂಬಿ. ಅದಕ್ಕೂ ಮೊದಲು, ಲಿಂಕ್ ಕಂಪನಿಯ ಜಾಲತಾಣದ ಉದ್ಯೋಗ ಪುಟದಲ್ಲೂ ಇದೆಯೇ ಎಂದು ನೋಡಿಕೊಳ್ಳಿ. ಒಬ್ಬ ರೆಕ್ರೂಟರ್ ಜೊತೆ ಮಾತು ಈಗಾಗಲೇ ನಡೆದಿದ್ದರೆ, "ನಿಮ್ಮ ಮೂಲಕ ಹೋಗಲೇ, ನಾನೇ ಹಾಕಲೇ" ಎಂದು ಕೇಳಿಯೇ ಸಬ್ಮಿಟ್ ಒತ್ತಿ.