‘ಬರ್ತೀನಿ ಅಂದ’ ಎಂದರೆ ಬರುವವರು ಯಾರು?

ವೇಲೆನ್ಸಿಯಾದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಅಡುಗೆಮನೆಯ ನಲ್ಲಿ ಸೋರತೊಡಗಿತು. ಒಂದು ಮಂಗಳವಾರ ಪ್ಲಂಬರ್ ಫೋನ್ ಮಾಡಿ ನಾಲ್ಕು ಮಾತು ಹೇಳಿದ. ಇವತ್ತು ಬರೋಕಾಗಲ್ಲ, ನಿನ್ನೆ ಸ್ಪೇರ್ ಪಾರ್ಟ್ ತಗೊಂಡೆ, ನಾಳೆ ಬರ್ತೀನಿ, ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಕೊಟ್ಟಿರಿ.

ಇದನ್ನು ಮನೆಯೊಡತಿಗೆ ತಿಳಿಸಲು ನಾನು ‘ದಿಹೊ ಕೆ ಬೆಂದ್ರೆ ಮಞಾನ’ ಎಂದೆ. ದಿಹೊ ಎಂದರೆ ಹೇಳಿದ, ಮಞಾನ ಎಂದರೆ ನಾಳೆ, ಬೆಂದ್ರೆ ಎಂದರೆ ಬರ್ತೀನಿ. (ಧಾರವಾಡದ ಕವಿಗೂ ಈ ಪದಕ್ಕೂ ಸಂಬಂಧವಿಲ್ಲ.) ಆಕೆ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: “ನೀನು ಬರ್ತೀಯಾ? ಎಲ್ಲಿಗೆ?”

ತಪ್ಪು ನನ್ನ ‘ಅಂತ’ದ್ದು. ಕನ್ನಡದಲ್ಲಿ ‘ನಾಳೆ ಬರ್ತೀನಿ ಅಂತ ಹೇಳಿದ’ ಎಂದರೆ ಬರುವವನು ಪ್ಲಂಬರ್ ಎಂದು ಮಗುವಿಗೂ ಗೊತ್ತು. ‘ಅಂತ’ ಒಂದು ಡಬ್ಬಿಯಿದ್ದಂತೆ. ಆಡಿದವನ ‘ನಾನು’, ಅವನ ‘ನಾಳೆ’, ಅವನ ಕಾಲ ಎಲ್ಲವೂ ಒಳಗೆ ಹಾಗೇ ಕೂತಿರುತ್ತವೆ. ಸ್ಪ್ಯಾನಿಷ್‌ನ ‘ಕೆ’ ಅಂಥ ಡಬ್ಬಿಯಲ್ಲ. ಅದರ ನಂತರ ಬರುವುದೆಲ್ಲ ಸುದ್ದಿ ಮುಟ್ಟಿಸುವವನ ಬಾಯಿಂದ, ಅವನು ನಿಂತ ಜಾಗ ಮತ್ತು ದಿನದಿಂದ ಹೊರಡಬೇಕು. ಹಾಗಾಗಿ ನಾನಾಡಿದ ವಾಕ್ಯದ ಅರ್ಥ ‘ನಾನು ನಾಳೆ ಬರುತ್ತೇನೆಂದು ಪ್ಲಂಬರ್ ಹೇಳಿದ’ ಎಂದಾಗಿ, ಬರಬೇಕಾದವನು ನಾನೇ ಆಗಿಬಿಟ್ಟೆ. ನಮ್ಮ ಪತ್ರಿಕೆಗಳ ‘ಬರುವುದಾಗಿ ತಿಳಿಸಿದ’ ಇದಕ್ಕೆ ಸ್ವಲ್ಪ ಹತ್ತಿರ, ಆದರೆ ಮನೆಮಾತಿನಲ್ಲಿ ಹಾಗೆ ಯಾರು ಆಡುತ್ತಾರೆ?

ಇದೇ ಘಟನೆಯನ್ನು ತಿಂಗಳ ನಂತರ ಹೇಳುತ್ತೇನೆ ಅನ್ನಿ. ಪ್ಲಂಬರ್‌ನ ‘ಪುಎದೊ’ (ಆಗುತ್ತದೆ) ಈಗ ‘ಪೊದಿಯ’ (ಆಗುತ್ತಿತ್ತು). ‘ಓಯ್’ (ಇವತ್ತು) ‘ಎಸೆ ದಿಯ’, ಅಂದರೆ ಆ ದಿನ. ‘ಅಯೆರ್ ಕೊಂಪ್ರೆ’ (ನಿನ್ನೆ ತಗೊಂಡೆ) ‘ಎಲ್ ದಿಯ ಅಂತೆರಿಯೊರ್ ಅಬಿಯ ಕೊಂಪ್ರಾದೊ’, ಹಿಂದಿನ ದಿನ ತಗೊಂಡಿದ್ದ. ಹೇಳಿದ್ದೇ ಹಿಂದಿನ ಮಾತಾದ್ದರಿಂದ ಕೊಂಡದ್ದು ಅದಕ್ಕೂ ಹಿಂದಕ್ಕೆ ಸರಿಯಿತು. ಬೀಗದ ಕೈಯ ಆಜ್ಞೆ ‘ದೆಹೆ’ (ಬಿಟ್ಟಿರಿ) ‘ಮೆ ಪಿದಿಯೊ ಕೆ ದೆಹಾರ’ ಆಗುತ್ತದೆ, ಬಿಟ್ಟಿರಬೇಕೆಂದು ನನ್ನನ್ನು ಕೇಳಿಕೊಂಡ. ಕಲಿಯುವವರು ಹೆಚ್ಚು ಎಡವುವುದು ಇಲ್ಲೇ, ಏಕೆಂದರೆ ಕ್ರಿಯಾಪದ ಕಾಲದ ಜೊತೆಗೆ ತನ್ನ ಜಾತಿಯನ್ನೇ ಬದಲಿಸಿ ಇಚ್ಛೆಯ ರೂಪ ತಾಳುತ್ತದೆ.

ಇನ್ನು ‘ನಾಳೆ ಬರ್ತೀನಿ’. ಪ್ಲಂಬರ್ ನಿಜವಾಗಿ ಆಡಿದ್ದು ‘ಇರೆ ಮಞಾನ’, ನಾಳೆ ಹೋಗ್ತೀನಿ ಎಂದು. ಕೇಳುವವರ ಮನೆಗೆ ಹೊರಟವನು ಸ್ಪ್ಯಾನಿಷ್‌ನಲ್ಲಿ ‘ಬರುವುದಿಲ್ಲ’, ‘ಹೋಗುತ್ತಾನೆ’. ಮನೆಯೊಳಗಿದ್ದ ನನಗೆ ಮಾತ್ರ ಅದು ‘ಬರುವುದು’. ಆದ್ದರಿಂದ ನನ್ನ ಬಾಯಲ್ಲಿ ‘ಬೆಂದ್ರಿಯ ಅಲ್ ದಿಯ ಸಿಗಿಯೆಂತೆ’, ಮರುದಿನ ಬರಲಿದ್ದ.

ಈ ‘ಬೆಂದ್ರಿಯ’ ರೂಪ ಹುಟ್ಟಿದ ಬಗೆಯನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಹಿಂದೆ ಸ್ಪ್ಯಾನಿಷ್‌ನಲ್ಲಿ ಭವಿಷ್ಯವನ್ನು ‘ಬರಲು’ ಎನ್ನುವ ರೂಪಕ್ಕೆ ‘ಇದೆ’ ಎಂಬರ್ಥದ ಸಹಾಯಕ ಪದ ಸೇರಿಸಿ ಕಟ್ಟುತ್ತಿದ್ದರು. ಎರಡೂ ಬೆಸೆದು ‘ಬೆಂದ್ರೆ’, ‘ಬೆಂದ್ರಾ’ ಆದವು. ಅದೇ ಸಹಾಯಕ ಪದದ ಭೂತರೂಪ ‘ಅಬಿಯ’ ಸೇರಿ ಸವೆದಾಗ ಹುಟ್ಟಿದ್ದು ‘ಬೆಂದ್ರಿಯ’. ನಮ್ಮ ಕರಾವಳಿಯ ‘ಬರಲಿಕ್ಕಿದೆ’ ಹೋಗಿ ‘ಬರಲಿಕ್ಕಿತ್ತು’ ಆದ ಹಾಗೆ.

ಆದರೆ ಪಠ್ಯಪುಸ್ತಕದ ಈ ಕೋಷ್ಟಕವನ್ನು ಎಲ್ಲೆಡೆ ಹಚ್ಚಿದರೆ ಮಾತು ನಗೆಪಾಟಲಾಗುತ್ತದೆ. ಫೋನ್ ಕಿವಿಯಲ್ಲಿರುವಾಗಲೇ ಪಕ್ಕದವರಿಗೆ ತಿಳಿಸುವುದಾದರೆ ‘ದಿಸೆ’ (ಹೇಳ್ತಿದ್ದಾನೆ) ಎಂದರಾಯಿತು. ಆಗ ವ್ಯಕ್ತಿ ಬದಲಾದರೂ ಕಾಲ ಕದಲುವುದಿಲ್ಲ: ‘ದಿಸೆ ಕೆ ಬೆಂದ್ರಾ ಮಞಾನ’. ಮಂಗಳವಾರ ಸಂಜೆ ‘ದಿಹೊ’ ಎಂದೇ ಶುರುಮಾಡಿದರೂ ನಾಳೆ ಇನ್ನೂ ನಾಳೆಯೇ. ಅಲ್ಲಿ ‘ಮರುದಿನ’ ಎಂದರೆ ಹಳೆಯ ಕಥೆಯೇನೋ ಎಂದು ಕೇಳಿದವರು ಅಂದುಕೊಳ್ಳುತ್ತಾರೆ. ಮಾತು ಈಗಲೂ ನಿಜವಾಗಿದ್ದರೆ ವರ್ತಮಾನವೂ ಉಳಿಯಬಹುದು. ‘ಆಕೆ ಬಸುರಿ ಎಂದು ಹೇಳಿದ’ ಎನ್ನುವುದನ್ನು ‘ದಿಹೊ ಕೆ ಎಸ್ತಾ ಎಂಬರಸಾದ’ ಎಂದರೆ ಆಕೆ ಈಗಲೂ ಬಸುರಿ. ‘ಎಸ್ತಾಬ’ ಎಂದರೆ ಅಂದು ಇದ್ದಳು, ಇಂದಿನದು ಆ ಮಾತಿನಿಂದ ತಿಳಿಯುವುದಿಲ್ಲ. ಬಸಿರಿನ ಮಾತನ್ನು ಎರಡು ವರ್ಷದ ಮೇಲೆ ‘ಎಸ್ತಾ’ ಹಾಕಿ ವರದಿ ಮಾಡಿದರೆ ಜನ ನಗುತ್ತಾರೆ.

ಬುಧವಾರ ಸಂಜೆಯಾದರೂ ಪ್ಲಂಬರ್‌ನ ಸುಳಿವಿಲ್ಲ. ಮನೆಯೊಡತಿ ಫೋನ್ ಮಾಡಿದರು. ಈ ಸಲ ಬಾಯಿ ತೆರೆಯುವ ಮುನ್ನ ಲೆಕ್ಕ ಹಾಕಿದೆ. ನಿನ್ನೆಯ ಅವನ ‘ನಾಳೆ’ ನನಗೆ ಇವತ್ತು. ‘ಬೆಂದ್ರಾ’ ಎಂದರೆ ಇನ್ನೂ ಬರುವವನಿದ್ದಾನೆ ಎಂದಾಗುತ್ತದೆ. ‘ಬೆಂದ್ರಿಯ’ ಎಂದರೆ ಮಾತು ಕೊಟ್ಟದ್ದು ಮಾತ್ರ ದಾಖಲಾಗುತ್ತದೆ, ಬಂದನೋ ಇಲ್ಲವೋ ಎಂಬುದಕ್ಕೆ ಅದು ಹೊಣೆಯಲ್ಲ. ‘ದಿಹೊ ಕೆ ಬೆಂದ್ರಿಯ ಓಯ್,’ ಎಂದೆ. ಆಕೆ ನಿಟ್ಟುಸಿರಿಟ್ಟು, ನಲ್ಲಿಯ ಕೆಳಗೆ ಬಕೆಟ್ ಇಡು ಅಂದರು.